ಒಂದೇ ಶಲ್ಯಕ್ಕೆ ಎರಡು ಬೆಲೆಚೀಟಿ: ಸಿಯೆಮ್ ರೀಪ್ ರಾತ್ರಿ ಸಂತೆಯ ಲೆಕ್ಕ

ಪ್ರಶ್ನೆ: ಡಿಸೆಂಬರ್‌ನಲ್ಲಿ ಅಪ್ಪ, ಅಮ್ಮನನ್ನು ಅಂಗ್‌ಕೋರ್ ವಾಟ್ ನೋಡಲು ಕಾಂಬೋಡಿಯಾಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಅಲ್ಲಿಗೆ ಹೋಗಿಬಂದ ಗೆಳತಿಯೊಬ್ಬಳು, ರಾತ್ರಿ ಸಂತೆಯಲ್ಲಿ ಒಂದೇ ವಸ್ತುವಿಗೆ ಡಾಲರ್‌ನಲ್ಲೊಂದು, ಅಲ್ಲಿನ ಹಣವಾದ ರಿಯೆಲ್‌ನಲ್ಲೊಂದು ಚೀಟಿ ಇರುತ್ತದೆ, ಒಬ್ಬೊಬ್ಬರು ಒಂದೊಂದು ದರ ಹೇಳುತ್ತಾರೆ, ಕೊನೆಗೆ ತಾನು ಎಷ್ಟು ಕೊಟ್ಟೆನೆಂಬುದೇ ತಿಳಿಯಲಿಲ್ಲ ಎಂದಳು. ಯಾವ ಚೀಟಿಯನ್ನು ನಂಬಬೇಕು? ಯಾವ ಹಣ ಕೊಡಬೇಕು?

ಉತ್ತರ: ಎರಡು ಚೀಟಿಗಳನ್ನೂ ನಂಬಿ. ಎರಡೂ ನಿಜವಾದ ಬೆಲೆಗಳೇ. ಆದರೆ ಅವೆರಡೂ ಸಮವೆಂದು ಮಾತ್ರ ನಂಬಬೇಡಿ. ಯಾವ ಹಣ ಕೊಡಬೇಕೆಂಬುದು, ಆ ಹಣ ನಿಮ್ಮ ಕೈಗೆ ಯಾವ ದರದಲ್ಲಿ ಬಂತು ಎಂಬುದರ ಮೇಲೆ ನಿಂತಿದೆ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ ನನಗೂ ಇದು ಸ್ಪಷ್ಟವಾಗಿ ಕಂಡದ್ದು ಕಚೇರಿಯಲ್ಲಲ್ಲ. 2024ರ ಜನವರಿಯಲ್ಲಿ ಅಕ್ಕ ಮತ್ತು ಭಾವನವರ ಜೊತೆ, ಅಂಗ್‌ಕೋರ್ ವಾಟ್ ಹತ್ತಿರದ ಊರಾದ ಸಿಯೆಮ್ ರೀಪ್‌ನ ರಾತ್ರಿ ಸಂತೆಯಲ್ಲಿ ಕಳೆದ ಒಂದು ಸಂಜೆ ಅದನ್ನು ಕಲಿಸಿತು. ಆ ಸಂಜೆಯನ್ನೇ ಹೇಳುತ್ತೇನೆ. ನಿಮ್ಮ ಗೆಳತಿಗೆ ಆದ ಗೊಂದಲವೆಲ್ಲ ಅದರಲ್ಲಿದೆ.

ಭಾವನವರು ಸಾಗರದ ಕಡೆ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಹೊರಡುವ ಮುನ್ನ ಬೆಂಗಳೂರಿನಲ್ಲಿ ಒಂದು ಡಾಲರ್‌ಗೆ 85 ರೂಪಾಯಿಯಂತೆ 700 ಡಾಲರ್ ನಗದು ಕೊಂಡಿದ್ದರು. ಕಾಂಬೋಡಿಯಾದ ಹಣ ರಿಯೆಲ್. ಆದರೆ ಅಲ್ಲಿ ಹೋಟೆಲ್ ಬಾಡಿಗೆಯಿಂದ ಎಳನೀರಿನವರೆಗೆ ಎಲ್ಲವೂ ಡಾಲರ್‌ನಲ್ಲಿ ನಡೆಯುತ್ತದೆ. ಅಂಗ್‌ಕೋರ್ ಪ್ರವೇಶಪತ್ರದ ದರವನ್ನು ಸಹ ಡಾಲರ್‌ನಲ್ಲೇ ಬರೆದಿರುತ್ತಾರೆ, ಒಂದು ದಿನಕ್ಕೆ 37. ಇದಕ್ಕೆ ಹಿನ್ನೆಲೆಯಿದೆ. 1975ರಲ್ಲಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ಅಧಿಕಾರ ಹಿಡಿದು ಹಣವೆಂಬುದನ್ನೇ ರದ್ದು ಮಾಡಿತು. ರಿಯೆಲ್ ಮತ್ತೆ ಚಲಾವಣೆಗೆ ಬಂದದ್ದು 1980ರಲ್ಲಿ. 1992–93ರಲ್ಲಿ ವಿಶ್ವಸಂಸ್ಥೆಯ ದೊಡ್ಡ ತಂಡ ಬಂದು ಡಾಲರ್‌ನಲ್ಲೇ ಸಂಬಳ, ಬಾಡಿಗೆ, ಖರ್ಚು ಮಾಡಿತು. ಒಮ್ಮೆ ಹಣವೇ ಇಲ್ಲವಾದದ್ದನ್ನು ಕಂಡ ಜನ ಡಾಲರನ್ನು ಬಿಗಿಯಾಗಿ ಹಿಡಿದುಕೊಂಡರು. ಹೀಗಾಗಿ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಎರಡು ದೇಶಗಳ ನೋಟುಗಳು ಇವತ್ತಿಗೂ ಪಕ್ಕಪಕ್ಕದಲ್ಲಿ ಕುಳಿತಿವೆ.

ಸಂತೆಗೆ ಕಾಲಿಡುವ ಮೊದಲೇ ರಿಯೆಲ್ ನಮ್ಮ ಕೈಗೆ ಬಂದಿತ್ತು. ಹಳೇ ಮಾರುಕಟ್ಟೆಯ ಹತ್ತಿರ ಊಟ ಮಾಡಿದೆವು, ಬಿಲ್ಲು ಆರೂವರೆ ಡಾಲರ್. ಭಾವನವರು ಹತ್ತು ಡಾಲರ್ ಕೊಟ್ಟರು. ಹುಡುಗಿ ಮೂರು ಡಾಲರ್ ನೋಟುಗಳ ಜೊತೆ 2,000 ರಿಯೆಲ್ ತಂದಿಟ್ಟಳು. ಅಮೆರಿಕದ ಸೆಂಟ್ ನಾಣ್ಯಗಳು ಅಲ್ಲಿ ಚಲಾವಣೆಯಲ್ಲಿಲ್ಲ. ಆದ್ದರಿಂದ ಒಂದು ಡಾಲರ್‌ಗಿಂತ ಕಡಿಮೆಯ ಚಿಲ್ಲರೆಯನ್ನು ರಿಯೆಲ್‌ನಲ್ಲಿ ಕೊಡುತ್ತಾರೆ, ಡಾಲರ್‌ಗೆ 4,000 ಎಂದು ಹಿಡಿದು. ಇದು ಮೊದಲನೆಯ ದರ. ಯಾವ ಬ್ಯಾಂಕೂ ನಿಗದಿ ಮಾಡಿದ್ದಲ್ಲ, ಲೆಕ್ಕ ಸುಲಭವಾಗಲೆಂದು ರೂಢಿಯಲ್ಲಿ ನಿಂತದ್ದು.

ಊಟದ ಜಾಗದಿಂದ ನಾಲ್ಕು ಹೆಜ್ಜೆ ನಡೆದರೆ ಹಣ ಬದಲಿಸುವ ಅಂಗಡಿ. ಗಾಜಿನ ಮೇಲಿನ ಹಲಗೆಯಲ್ಲಿ ಡಾಲರ್ ಎದುರಿಗೆ ಎರಡು ಸಂಖ್ಯೆಗಳು: 4,070 ಮತ್ತು 4,090. ಮೊದಲನೆಯದು ಅಂಗಡಿಯವನು ನಿಮ್ಮಿಂದ ಡಾಲರ್ ಕೊಳ್ಳುವ ದರ, ಎರಡನೆಯದು ನಿಮಗೆ ಡಾಲರ್ ಮಾರುವ ದರ. ಅನುಮಾನ ಬಂದಾಗ ಒಂದನ್ನು ನೆನಪಿಟ್ಟುಕೊಳ್ಳಿ: ಎರಡರಲ್ಲಿ ನಿಮಗೆ ಯಾವುದು ನಷ್ಟವೋ ಅದೇ ನಿಮ್ಮ ದರ. ಭಾವನವರ ಮೊಬೈಲ್ ಬೇರೊಂದು ಸಂಖ್ಯೆ ತೋರಿಸುತ್ತಿತ್ತು, 4,080. ಅದು ಬ್ಯಾಂಕುಗಳು ತಮ್ಮತಮ್ಮೊಳಗೆ ದೊಡ್ಡ ಮೊತ್ತಕ್ಕೆ ವ್ಯವಹರಿಸುವಾಗಿನ ನಡುದರ. ಆ ದರದಲ್ಲಿ ನಿಮಗಾಗಲಿ ನನಗಾಗಲಿ ಯಾರೂ ನೋಟು ಎಣಿಸಿ ಕೊಡುವುದಿಲ್ಲ.

ಇಷ್ಟು ಹೊತ್ತಿಗೆ ಭಾವನವರ ತಲೆಯಲ್ಲಿ ನಾಲ್ಕು ದರಗಳಿದ್ದವು. ಸಂತೆಯ ಮೂರನೆಯ ಸಾಲಿನಲ್ಲಿ ಅಕ್ಕ ಒಂದು ಶಲ್ಯ ಮೆಚ್ಚಿದಳು. ಅಲ್ಲಿನವರು ತಲೆಗೂ ಕೊರಳಿಗೂ ಸೊಂಟಕ್ಕೂ ಸುತ್ತಿಕೊಳ್ಳುವ ಚೌಕುಳಿ ಬಟ್ಟೆ, ಹೆಸರು ಕ್ರಮಾ. ನೀಲಿ, ಬಿಳಿ ಚೌಕಗಳ ಅಂಚಿನಲ್ಲಿ ಬೆರಳುದ್ದದ ಗೊಂಡೆ ಬಿಟ್ಟಿದ್ದರು. ಮೂಲೆಯಲ್ಲಿ ದಾರದಿಂದ ಎರಡು ರಟ್ಟಿನ ಚೂರು ಕಟ್ಟಿದ್ದವು. ಒಂದರ ಮೇಲೆ 8 ಡಾಲರ್, ಇನ್ನೊಂದರ ಮೇಲೆ 30,000 ರಿಯೆಲ್.

ಭಾವನವರು ಮನಸ್ಸಿನಲ್ಲೇ ಭಾಗಿಸಿ ನೋಡಿದರು. 30,000ವನ್ನು 8ರಿಂದ ಭಾಗಿಸಿದರೆ 3,750. ಐದನೆಯ ದರ! "ಇಲ್ಲಿ ಏನೋ ಮೋಸವಿದೆ, ನಡಿ" ಎಂದು ಅಕ್ಕನ ಕೈ ಹಿಡಿದು ಹೊರಟರು. ಅಕ್ಕ ಶಲ್ಯವನ್ನು ಬಿಡಲೊಲ್ಲಳು.

ಅವರು ಭಾಗಿಸಿದ್ದು ಬಹಳ ಸರಿಯಾದ ಕೆಲಸ. ನೀವೂ ಮೊದಲು ಅದನ್ನೇ ಮಾಡಿ. ರಿಯೆಲ್ ಚೀಟಿಯನ್ನು ಡಾಲರ್ ಚೀಟಿಯಿಂದ ಭಾಗಿಸಿದರೆ ಬರುವುದು ಆ ಅಂಗಡಿಯ ಸ್ವಂತ ದರ. ಆದರೆ ಅದನ್ನು ಮೋಸವೆಂದು ಕರೆದದ್ದು ತಪ್ಪು. ಇಂಥ ಅಂಗಡಿಗಳಲ್ಲಿ ಡಾಲರ್ ಚೀಟಿಯನ್ನು ಸಾಮಾನ್ಯವಾಗಿ ಪೂರ್ಣ ಸಂಖ್ಯೆಯಲ್ಲಿ ಬರೆಯುತ್ತಾರೆ, ಏಕೆಂದರೆ ಚಿಲ್ಲರೆ ನಾಣ್ಯವಿಲ್ಲ. ಮಾರುವವಳು ಮೊದಲು ಊರಿನ ಗಿರಾಕಿಗೆಂದು 30,000 ರಿಯೆಲ್ ಎಂದು ಬರೆದಿರುತ್ತಾಳೆ. ಅದು ರೂಢಿಯ ದರದಲ್ಲಿ ಏಳೂವರೆ ಡಾಲರ್. ಏಳು ಬರೆದರೆ ಅವಳಿಗೆ ನಷ್ಟ, ಹಾಗಾಗಿ ಎಂಟು ಬರೆದಳು. ವ್ಯತ್ಯಾಸ ಹುಟ್ಟಿದ್ದು ಹೀಗೆ.

ಈಗ ಮುಖ್ಯವಾದ ಮಾತು. 3,750 ಎಂಬುದು ಅವಳ ದರ. ನಮ್ಮ ಬಳಿ ಇನ್ನೊಂದು ದರವಿದೆ, ಹಣ ಬದಲಿಸುವ ಅಂಗಡಿಯ 4,070. ಈ ಎರಡನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಉಳಿದದ್ದೆಲ್ಲ ತಾನೇ ಬಿಡಿಸಿಕೊಳ್ಳುತ್ತದೆ. ಹೊರಗೆ ಒಂದು ಡಾಲರ್‌ಗೆ 4,070 ರಿಯೆಲ್ ಸಿಗುತ್ತದೆ, ಈ ಅಂಗಡಿಯೊಳಗೆ ಅದೇ ಡಾಲರ್‌ಗೆ 3,750ರ ಬೆಲೆ ಮಾತ್ರ. ಅಂದರೆ ಇಲ್ಲಿ ಡಾಲರ್ ಸೋವಿಯಾಗಿದೆ, ರಿಯೆಲ್ ತುಟ್ಟಿಯಾಗಿದೆ. ಹಾಗಾದರೆ ಡಾಲರನ್ನು ಹೊರಗೆ ಬದಲಿಸಿ, ರಿಯೆಲ್ ಚೀಟಿಯ ಬೆಲೆಯನ್ನು ರಿಯೆಲ್‌ನಲ್ಲೇ ಕೊಡಬೇಕು. ಲೆಕ್ಕ ಹಾಕಿ ನೋಡಿ: 30,000ವನ್ನು 4,070ರಿಂದ ಭಾಗಿಸಿದರೆ 7 ಡಾಲರ್ 37 ಸೆಂಟ್. ನಾವು ಡಾಲರ್ ಕೊಂಡದ್ದು 85 ರೂಪಾಯಿಗೆ, ಹಾಗಾಗಿ ಸುಮಾರು 627 ರೂಪಾಯಿ. ಡಾಲರ್ ಚೀಟಿಯಂತೆ ಕೊಟ್ಟರೆ 680. ಒಂದೇ ಶಲ್ಯ, 53 ರೂಪಾಯಿ ವ್ಯತ್ಯಾಸ.

ನಾನು ಇದನ್ನು ವಿವರಿಸುತ್ತಿರುವಾಗಲೇ ಅಕ್ಕ ಎದುರು ಅಂಗಡಿಯಲ್ಲಿ ಅಂಥದ್ದೇ ಶಲ್ಯವನ್ನು ಕಂಡಳು. ಅಲ್ಲಿಯೂ ಎರಡು ಚೀಟಿ: 30,000 ರಿಯೆಲ್, 7 ಡಾಲರ್. ರಿಯೆಲ್ ಬೆಲೆ ಒಂದೇ, ಆದರೆ ಈ ವ್ಯಾಪಾರಿ ಏಳೂವರೆಯನ್ನು ಕೆಳಕ್ಕೆ ಇಳಿಸಿದ್ದ, ಪ್ರವಾಸಿಗಳು ಬರಲೆಂದು. ಭಾಗಿಸಿದರೆ 4,286. ಇದು ಹೊರಗಿನ 4,070ಕ್ಕಿಂತ ಹೆಚ್ಚು. ಆದ್ದರಿಂದ ಈ ಅಂಗಡಿಯಲ್ಲಿ ಡಾಲರ್ ಕೊಡುವುದೇ ಲಾಭ: 595 ರೂಪಾಯಿ. ರಿಯೆಲ್ ಕೊಟ್ಟರೆ ಇಲ್ಲಿಯೂ 627. ಭಾವನವರು ನಿಂತಲ್ಲೇ ನಿಂತರು. "ಹಾಗಾದರೆ ರಿಯೆಲ್ ಒಳ್ಳೆಯದೋ ಡಾಲರ್ ಒಳ್ಳೆಯದೋ ಎಂದು ಕೇಳುವುದೇ ತಪ್ಪು. ಈ ಅಂಗಡಿಯಲ್ಲಿ ಯಾವುದು ಎಂದು ಕೇಳಬೇಕು" ಎಂದರು. ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ ಅದೇ. ಅಂಗಡಿಯ ದರ ಹೊರಗಿನ ದರಕ್ಕಿಂತ ಕಡಿಮೆಯಿದ್ದರೆ ರಿಯೆಲ್ ಕೊಡಿ, ಹೆಚ್ಚಿದ್ದರೆ ಡಾಲರ್ ಕೊಡಿ.

ಒಂದೇ ಚೀಟಿ ಇರುವ ಕಡೆಗೂ ಈ ಲೆಕ್ಕ ನಡೆಯುತ್ತದೆ. ಎರಡೂವರೆ ಡಾಲರ್ ಎಂದು ಬರೆದಿರುವ ಹಣ್ಣಿನ ರಸಕ್ಕೆ 10,000 ರಿಯೆಲ್ ಕೊಟ್ಟರೆ ಒಪ್ಪಿಕೊಳ್ಳುತ್ತಾರೆ, ಅಂದರೆ ಅಲ್ಲಿ 4,000ದ ರೂಢಿ. ನೀವು 4,070ರಲ್ಲಿ ರಿಯೆಲ್ ಪಡೆದಿದ್ದರೆ ಸ್ವಲ್ಪ ನಿಮಗೇ ಲಾಭ. ಕೆಲವರು ಚಿಲ್ಲರೆ ಕೊಡುವಾಗ 4,000 ಹಿಡಿದು, ನಿಮ್ಮಿಂದ ತೆಗೆದುಕೊಳ್ಳುವಾಗ 4,100 ಎನ್ನುತ್ತಾರೆ. ಅದೂ ಹಣ ಬದಲಿಸುವವನ ಹಲಗೆಯಂಥದ್ದೇ, ಆದರೆ ಬರೆದು ತೂಗುಹಾಕಿಲ್ಲ. ಅದನ್ನು ತಿಳಿಯಲು ದಾರಿ ಒಂದೇ. ನೋಟು ಹೊರತೆಗೆಯುವ ಮುನ್ನ, ರಿಯೆಲ್‌ನಲ್ಲಿ ಎಷ್ಟು ಎಂದು ಕೇಳಿ. ಕ್ಯಾಲ್ಕುಲೇಟರ್ ನಿಮ್ಮ ಕಡೆಗೆ ತಿರುಗಿಸುತ್ತಾರೆ.

ಇಲ್ಲಿ ಭಾವನವರಿಂದ ಒಂದು ತಪ್ಪಾಯಿತು. ಬಹಳ ಜನ ಮಾಡುವ ತಪ್ಪು. ರಿಯೆಲ್‌ನಲ್ಲಿ ಉಳಿತಾಯವಿದೆ ಎಂದು ತಿಳಿದ ಕೂಡಲೇ, ನೂರು ಡಾಲರ್ ಬದಲಿಸಿಕೊಂಡು ಬರುತ್ತೇನೆ ಎಂದು ಹೊರಟರು. ನಾನು ತಡೆದೆ. ರಿಯೆಲ್ ಕಾಂಬೋಡಿಯಾ ದಾಟಿದರೆ ಬರೀ ಕಾಗದ. ನಮ್ಮ ಬ್ಯಾಂಕುಗಳ ಕೌಂಟರಿನಲ್ಲಿ ಅದನ್ನು ತೆಗೆದುಕೊಳ್ಳುವುದಿಲ್ಲ. ಉಳಿದ ರಿಯೆಲನ್ನು ಅಲ್ಲೇ ಮತ್ತೆ ಡಾಲರ್ ಮಾಡಿಕೊಳ್ಳಬೇಕಾದರೆ 4,090 ಕೊಡಬೇಕು. ಅದರ ನಷ್ಟ ಸಣ್ಣದೇ, ಆದರೆ ವಿಮಾನ ಹತ್ತುವ ದಿನ ಅದಕ್ಕಾಗಿ ಅಲೆಯುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಒಂದೆರಡು ದಿನದಲ್ಲಿ ಖರ್ಚಾಗುವಷ್ಟನ್ನು ಮಾತ್ರ ಬದಲಿಸಿ. ಅವರು ಹತ್ತು ಡಾಲರ್ ಬದಲಿಸಿ 40,700 ರಿಯೆಲ್ ತಂದರು.

ರಿಯೆಲ್ ಕೈಗೆ ಬಂದ ಮೇಲೆ ಇನ್ನೊಂದು ಅಪಾಯ ಶುರುವಾಗುತ್ತದೆ, ಸೊನ್ನೆಗಳದ್ದು. 2,000 ಮತ್ತು 20,000, 1,000 ಮತ್ತು 10,000 ಮಬ್ಬು ಬೆಳಕಿನಲ್ಲಿ ಅದಲುಬದಲಾಗುತ್ತವೆ. ನಾವು ಹೋದಾಗ 1,000 ರಿಯೆಲ್ ನಮ್ಮ 21 ರೂಪಾಯಿ, 10,000 ಅಂದರೆ 209 ಆಗಿತ್ತು. ಅಮ್ಮನ ಪರ್ಸಿನಲ್ಲಿ 10,000 ಮತ್ತು ಅದರ ಮೇಲಿನ ನೋಟುಗಳನ್ನು ಬೇರೆ ಖಾನೆಯಲ್ಲಿ ಇಡಲು ಹೇಳಿ. ನೋಟಿನ ಒಂದು ಮಗ್ಗುಲಲ್ಲಿ ನಮಗೆ ಓದಲು ಬರುವ ಅಂಕಿಗಳಿರುತ್ತವೆ, ಕೊಡುವಾಗ ಆ ಮಗ್ಗುಲನ್ನೇ ಮೇಲೆ ಮಾಡಿ ಎಣಿಸಲಿ.

ಡಾಲರ್‌ನದ್ದು ಬೇರೆ ಕಷ್ಟ. ಅಕ್ಕ ಕೊಟ್ಟ ಐದು ಡಾಲರ್ ನೋಟನ್ನು ವ್ಯಾಪಾರಿ ಬಲ್ಬಿನ ಕೆಳಗೆ ಹಿಡಿದ. ಮಡಿಕೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಹರಿದಿತ್ತು. ಉಗುರಿನಿಂದ ಆ ಜಾಗವನ್ನು ತೋರಿಸಿ, ಎರಡೂ ಕೈಯಲ್ಲಿ ಮರ್ಯಾದೆಯಿಂದ ಹಿಂತಿರುಗಿಸಿದ. ಕಾಂಬೋಡಿಯಾದಲ್ಲಿ ಹರಿದ, ಗೀಚಿದ ಡಾಲರ್ ನೋಟನ್ನು ಬಹುತೇಕ ಯಾರೂ ಮುಟ್ಟುವುದಿಲ್ಲ. ರಿಯೆಲ್ ನೋಟು ಎಷ್ಟು ಹಳತಾಗಿದ್ದರೂ ನಡೆಯುತ್ತದೆ. ಆ ನೋಟು ನಮಗೆ ಬಂದದ್ದು ಊರಿನಲ್ಲೇ, ಡಾಲರ್ ಕೊಂಡ ಕಡೆ. ಕೊಳ್ಳುವಾಗಲೇ ಒಂದೊಂದನ್ನೂ ಬಿಡಿಸಿ ನೋಡಿ, ಬೇಡವಾದದ್ದನ್ನು ಬದಲಿಸಿಕೊಳ್ಳಿ. ನೂರರ ನೋಟುಗಳನ್ನೇ ತರಬೇಡಿ, ಒಂದು, ಐದು, ಹತ್ತು, ಇಪ್ಪತ್ತರ ನೋಟುಗಳನ್ನು ಕೇಳಿ ಪಡೆಯಿರಿ. ಸಂತೆಯಲ್ಲಿ ನೂರರ ನೋಟಿಗೆ ಚಿಲ್ಲರೆ ಹುಟ್ಟುವುದಿಲ್ಲ.

ಕಾರ್ಡ್ ವಿಷಯವನ್ನೂ ಹೇಳಬೇಕು, ಏಕೆಂದರೆ ಆ ರಾತ್ರಿಯ ಅತ್ಯಂತ ತುಟ್ಟಿ ದರ ಅದೇ ಆಗಿತ್ತು. ಸಂತೆಯ ಬಾಯಲ್ಲಿದ್ದ ದೊಡ್ಡ ಮಳಿಗೆಯಲ್ಲಿ ಇಂಥದ್ದೇ ಶಲ್ಯಕ್ಕೆ 8 ಡಾಲರ್. ಕಾರ್ಡ್ ಹಾಕಿದ ಮೇಲೆ ಯಂತ್ರ ಎರಡು ಆಯ್ಕೆ ತೋರಿಸಿತು: USD 8.00 ಅಥವಾ INR 720.00. ಪರದೇಶದಲ್ಲಿ ರೂಪಾಯಿ ಕಂಡಾಗ ಮನಸ್ಸಿಗೆ ಹಿತವಾಗುತ್ತದೆ, ಭಾವನವರ ಬೆರಳು ಅದರ ಕಡೆಗೇ ಹೋಯಿತು. ಭಾಗಿಸಿ ನೋಡಿದರೆ ಡಾಲರ್‌ಗೆ 90 ರೂಪಾಯಿ, ಮಾರುಕಟ್ಟೆಯಲ್ಲಿ ಆಗ 83 ಚಿಲ್ಲರೆ ಇದ್ದಾಗ. ಆ ಯಂತ್ರ ತನ್ನದೇ ದರದಲ್ಲಿ ರೂಪಾಯಿಗೆ ಪರಿವರ್ತಿಸಿ ನಡುವಿನ ಲಾಭವನ್ನು ಇಟ್ಟುಕೊಳ್ಳುತ್ತದೆ. ಹೀಗೆ ರೂಪಾಯಿಯಲ್ಲಿ ಕೊಟ್ಟರೂ ಕೆಲವು ಬ್ಯಾಂಕುಗಳು ವಿದೇಶಿ ವಹಿವಾಟೆಂದು ಬೇರೆ ಶುಲ್ಕ ಹಾಕುತ್ತವೆ. ಡಾಲರ್ ಆರಿಸಿದ್ದರೆ? ಅನೇಕ ಕಾರ್ಡುಗಳಿಗೆ ಮೂರೂವರೆ ಶೇಕಡಾ ಶುಲ್ಕ, ಅದರ ಮೇಲೆ 18 ಶೇಕಡಾ ಜಿಎಸ್‌ಟಿ. ಎಲ್ಲ ಸೇರಿ ಸುಮಾರು 693 ರೂಪಾಯಿ. ಕಾರ್ಡ್ ಬಳಸಲೇಬೇಕಾದಾಗ ಪರದೆಯಲ್ಲಿ ಯಾವಾಗಲೂ USD ಆರಿಸಿ. ಎಟಿಎಂನಲ್ಲಿಯೂ ಇದೇ ಪ್ರಶ್ನೆ ಬರುತ್ತದೆ, ಇದೇ ಉತ್ತರ. ಅಲ್ಲಿ ಪ್ರತಿ ಬಾರಿಯೂ ಕೆಲವು ಡಾಲರ್‌ಗಳ ಶುಲ್ಕವಿರುವುದರಿಂದ ಸಣ್ಣ ಸಣ್ಣ ಮೊತ್ತ ತೆಗೆಯಬೇಡಿ.

ಹಾಗೆ ನೋಡಿದರೆ ನಮ್ಮ ದೊಡ್ಡ ಖರ್ಚು ಸಂತೆಗೆ ಬರುವ ಮೊದಲೇ ಆಗಿಹೋಗಿತ್ತು. ನಡುದರ 83 ರೂಪಾಯಿ 20 ಪೈಸೆ ಇದ್ದಾಗ 85ಕ್ಕೆ ಕೊಂಡ 700 ಡಾಲರ್ ಮೇಲೆ 1,260 ರೂಪಾಯಿ ಹೆಚ್ಚು ಹೋಗಿತ್ತು. ಸ್ವಲ್ಪ ಹೆಚ್ಚು ಹೋಗುವುದು ಸಹಜ, ನೋಟು ತರಿಸಿ ಇಟ್ಟುಕೊಳ್ಳುವವರಿಗೂ ಖರ್ಚಿದೆ. ಆದರೆ ಹೊರಡುವ ಮುನ್ನ ಮೂರು ಕಡೆ ದರ ಕೇಳಿ. ಡಾಲರ್‌ಗೆ ಒಂದು ರೂಪಾಯಿ ಇಳಿದರೂ ಸಂತೆಯಲ್ಲಿ ಹತ್ತು ಅಂಗಡಿ ಅಲೆದು ಉಳಿಸುವುದಕ್ಕಿಂತ ಹೆಚ್ಚು ಉಳಿಯುತ್ತದೆ.

ನೇಪಾಳಕ್ಕೆ ಹೋದವರು ಇದನ್ನೆಲ್ಲ ಓದಿ, ಕಾಠ್ಮಂಡುವಿನಲ್ಲಿ ಇಷ್ಟು ತಲೆನೋವಿರಲಿಲ್ಲವಲ್ಲ ಎನ್ನಬಹುದು. ಪಶುಪತಿನಾಥನ ಅರ್ಚಕರು ನಮ್ಮ ಕಡೆಯವರೇ ಆದ್ದರಿಂದ ಕನ್ನಡಿಗರು ಅಲ್ಲಿಗೆ ಬಹಳ ಹೋಗುತ್ತಾರೆ. ಅಲ್ಲಿ 1993ರಿಂದ ಭಾರತದ 100 ರೂಪಾಯಿಗೆ ನೇಪಾಳದ 160 ಎಂಬ ದರ ಕಟ್ಟಿಹಾಕಿದ ಹಾಗಿದೆ. ವ್ಯಾಪಾರಿ ಹೇಳಿದ್ದು ಯಾವ ದೇಶದ ರೂಪಾಯಿ ಎಂದು ಕೇಳಿಕೊಂಡರೆ ಸಾಕು. ರಿಯೆಲ್ ಹಾಗಲ್ಲ, ಅಲ್ಲಿನ ಕೇಂದ್ರ ಬ್ಯಾಂಕ್ ಅದನ್ನು 4,000ದಿಂದ 4,100ರ ಆಸುಪಾಸಿನಲ್ಲಿ ಉಳಿಸಿಕೊಂಡು ಬಂದಿದೆಯಾದರೂ ದಿನದಿನಕ್ಕೂ ಅಲ್ಲಾಡುತ್ತದೆ. ಆ ಅಲ್ಲಾಟಕ್ಕೂ ರೂಢಿಯ 4,000ಕ್ಕೂ ನಡುವಿನ ಸಂದಿನಲ್ಲಿ ಇಷ್ಟೆಲ್ಲ ದರಗಳು ಹುಟ್ಟುತ್ತವೆ.

ಮತ್ತೆ ಅಕ್ಕನ ಶಲ್ಯಕ್ಕೆ ಬರೋಣ. ಅವಳಿಗೆ ಬೇಕಾದದ್ದು ಮೊದಲ ಅಂಗಡಿಯ ನೀಲಿ ಶಲ್ಯವೇ, ಜೊತೆಗೆ ಸೊಸೆಯಂದಿರಿಗೆ ಎರಡು. ಭಾವನವರು ಹುರುಪಿನಿಂದ ದರದ ವಾದಕ್ಕೆ ಇಳಿದರು. 30,000 ರಿಯೆಲ್‌ನ ಚೀಟಿಯನ್ನು ಡಾಲರ್ ಮಾಡುವಾಗ ರೂಢಿಯ 4,000 ಬಿಟ್ಟು ಹೊರಗಿನ ದರ ಹಿಡಿಯಬೇಕೆಂದು ಕ್ಯಾಲ್ಕುಲೇಟರಿನಲ್ಲಿ 4,070 ಒತ್ತಿ ತೋರಿಸಿದರು. ಆ ಹೆಣ್ಣುಮಗಳಿಗೆ ಬೇಸರವಾದದ್ದು ಮುಖದಲ್ಲೇ ಕಂಡಿತು. ದರದಲ್ಲಿ ವಾದಿಸಿ ಗೆದ್ದರೂ ಶಲ್ಯಕ್ಕೆ ಹತ್ತೋ ಹನ್ನೆರಡೋ ರೂಪಾಯಿ ಉಳಿಯುತ್ತದೆ. ಚೌಕಾಸಿ ಮಾಡಬೇಕಾದದ್ದು ಬೆಲೆಯಲ್ಲಿ. ಅಕ್ಕ ಗಂಡನನ್ನು ಪಕ್ಕಕ್ಕೆ ಸರಿಸಿ, ಮೂರು ಶಲ್ಯಗಳನ್ನೂ ಒಟ್ಟಿಗೆ ಮಡಚಿ ಅವಳ ಮುಂದಿಟ್ಟು, ಮೂರು ಬೆರಳು ತೋರಿಸಿ ನಕ್ಕಳು. ಆಕೆಯೂ ನಕ್ಕಳು. ಕ್ಯಾಲ್ಕುಲೇಟರಿನಲ್ಲಿ 20 ಒತ್ತಿದಳು. ಅಕ್ಕ 16 ಒತ್ತಿದಳು. ಇಬ್ಬರೂ 18ಕ್ಕೆ ನಿಂತರು. ಭಾವನವರು ಕಲಿತದ್ದನ್ನು ಮರೆಯದೆ, ರಿಯೆಲ್‌ನಲ್ಲಿ ಎಷ್ಟು ಎಂದು ಸನ್ನೆ ಮಾಡಿದರು. ಆಕೆ 72,000 ಎಂದು ಒತ್ತಿದಳು.

ಭಾಗಿಸಿದರೆ ಸರಿಯಾಗಿ 4,000. ಚೀಟಿಗಳು ಹೋಗಿ ಹೊಸ ಬೆಲೆ ಬಂದಾಗ ಅಂಗಡಿಯ ದರವೂ ಬದಲಾಗಿತ್ತು. ಹೊರಗಿನ 4,070ಕ್ಕಿಂತ ಇನ್ನೂ ಕಡಿಮೆ, ಆದ್ದರಿಂದ ರಿಯೆಲ್ ಕೊಡುವುದೇ ತುಸು ಲಾಭ. ಆದರೆ ನಮ್ಮ ಬಳಿ ಅಷ್ಟು ರಿಯೆಲ್ ಇರಲಿಲ್ಲ. ಅದಕ್ಕೂ ಅಲ್ಲಿ ದಾರಿಯಿದೆ, ಎರಡನ್ನೂ ಬೆರೆಸಿ ಕೊಡಬಹುದು. ಭಾವನವರು ಹತ್ತು ಡಾಲರ್ ನೋಟು ಒಂದನ್ನು ಇಟ್ಟರು. ಉಳಿದ ಎಂಟು ಡಾಲರ್‌ಗೆ 32,000. ಎರಡು 20,000ದ ನೋಟು ಕೊಟ್ಟರು, ಆಕೆ 8,000 ಹಿಂತಿರುಗಿಸಿದಳು. ಮೂರು ಶಲ್ಯಕ್ಕೆ ನಮ್ಮ ರೂಪಾಯಿಯಲ್ಲಿ ಬಿದ್ದದ್ದು ಸುಮಾರು 1,518. ಒಂದಕ್ಕೆ 506. ಮೊದಲ ಚೀಟಿಯಲ್ಲಿ ಕಂಡದ್ದು 680.

ಊಟದ ಚಿಲ್ಲರೆಯ 2,000 ರಿಯೆಲ್‌ಗೆ ಅಲ್ಲೇ ನೀರಿನ ಬಾಟಲಿ ಕೊಂಡೆವು. ಬೆಳಿಗ್ಗೆ ಸೂರ್ಯೋದಯಕ್ಕೆ ಮೊದಲು ತುಕ್‌ತುಕ್‌ನವನು ಎರಡು ಡಾಲರ್ ಕೇಳಿದ. ಭಾವನವರು ಒಂದು ಕ್ಷಣವೂ ಯೋಚಿಸದೆ 8,000 ರಿಯೆಲ್ ಎಣಿಸಿ ಕೊಟ್ಟರು. ಅವನು ತಲೆಯಾಡಿಸಿ ಜೇಬಿಗಿಳಿಸಿದ. ಉಳಿದದ್ದು 700 ರಿಯೆಲ್, ಒಂದು ಐನೂರರ ನೋಟು ಮತ್ತು ಒಂದು ಇನ್ನೂರರದ್ದು. ಅವೆರಡೂ ಸಾಗರದ ಮನೆಯಲ್ಲಿ ಅವರ ಗಣಿತದ ಪುಸ್ತಕದೊಳಗಿವೆ.